ದಂಡ ಹಾಕುವ ಮೊದಲು ಲೆಕ್ಕ ತೋರಿಸಿ: ಮ್ಯೂಸಿಕ್ ಡಿಸ್ಟ್ರಿಬ್ಯೂಟರ್‌ಗಳಿಗೆ ಒಂದು ಬಹಿರಂಗ ಪತ್ರ

ಗೆ,
ಸ್ವತಂತ್ರ ಕಲಾವಿದರ ಹಾಡುಗಳನ್ನು ಸ್ಟ್ರೀಮಿಂಗ್ ಆ್ಯಪ್‌ಗಳಿಗೆ ತಲುಪಿಸುವ ಡಿಸ್ಟ್ರಿಬ್ಯೂಟರ್ ಸಂಸ್ಥೆಗಳ ಮುಖ್ಯಸ್ಥರಿಗೆ

ವಿಷಯ: ಕೃತಕ ಸ್ಟ್ರೀಮಿಂಗ್ ಹೆಸರಿನಲ್ಲಿ ಬರುವ ದಂಡವನ್ನು ವಿಚಾರಣೆ ಇಲ್ಲದೆ ಕಲಾವಿದರ ಖಾತೆಯಿಂದ ಮುರಿದುಕೊಳ್ಳುವ ಬಗ್ಗೆ

ಮಾನ್ಯರೇ,

ನಾನು ಧಾರವಾಡದಲ್ಲಿ ಒಂದು ಸಣ್ಣ ರೆಕಾರ್ಡಿಂಗ್ ರೂಮ್ ಇಟ್ಟುಕೊಂಡಿದ್ದೇನೆ. ಊರಿನ ಭಜನಾ ತಂಡಗಳು, ತತ್ವಪದ ಹಾಡುವವರು, ಹೊಸದಾಗಿ ಹಾಡು ಕಟ್ಟುವ ಹುಡುಗರು ಬರುತ್ತಾರೆ. ರೆಕಾರ್ಡ್ ಮಾಡಿ, ಮಿಕ್ಸ್ ಮಾಡಿ, ನಿಮ್ಮಂಥ ಡಿಸ್ಟ್ರಿಬ್ಯೂಟರ್ ಮೂಲಕ ಆ್ಯಪ್‌ಗಳಿಗೆ ಕಳಿಸುವುದು ನನ್ನ ಕೆಲಸ. ಬರುವ ರಾಯಲ್ಟಿ ತೀರಾ ಕಡಿಮೆ. ಅದರ ಬಗ್ಗೆ ದೂರು ಹೇಳಲು ಈ ಪತ್ರ ಬರೆಯುತ್ತಿಲ್ಲ. ಇದ್ದ ಸ್ವಲ್ಪ ದುಡ್ಡನ್ನೂ ದಂಡ ಅಂತ ಮುರಿದುಕೊಂಡ ರೀತಿಯ ಬಗ್ಗೆ ಬರೆಯುತ್ತಿದ್ದೇನೆ. ನಮ್ಮ ಡಿಸ್ಟ್ರಿಬ್ಯೂಟರ್ ಯಾರು ಅಂತ ಇಲ್ಲಿ ಹೇಳುವುದಿಲ್ಲ. ಒಬ್ಬರ ಹೆಸರು ಹೇಳಿದರೆ ಉಳಿದವರು ಇದು ನಮಗಲ್ಲ ಅಂದುಕೊಂಡು ಸುಮ್ಮನಾಗಿಬಿಡುತ್ತೀರಿ.

ಈ ಪತ್ರ ಹಾಡು ಕೇಳುವವರೂ ಓದಬೇಕು ಅಂತ ನನ್ನ ಆಸೆ. ಹಾಗಾಗಿ ನಿಮಗೆ ಗೊತ್ತಿರುವ ಸಂಗತಿಯನ್ನೇ ಮೊದಲು ಸ್ವಲ್ಪ ಹೇಳಬೇಕಾಗುತ್ತದೆ.

ಆ್ಯಪ್‌ನಲ್ಲಿ ಪ್ಲೇ ಒತ್ತಿದ ತಕ್ಷಣ ಅದು ಸ್ಟ್ರೀಮ್ ಆಗುವುದಿಲ್ಲ. ಸ್ಪಾಟಿಫೈನಂಥ ವೇದಿಕೆಯಲ್ಲಿ ಕನಿಷ್ಠ 30 ಸೆಕೆಂಡು ಓಡಿದರೆ ಮಾತ್ರ ಒಂದು ಸ್ಟ್ರೀಮ್. 29ನೇ ಸೆಕೆಂಡಿಗೆ ಮುಂದಿನ ಹಾಡಿಗೆ ಹೋದರೆ ಸೊನ್ನೆ. 31ನೇ ಸೆಕೆಂಡಿಗೆ ಹೋದರೆ ಪೂರ್ತಿ ಒಂದು. ಅಲ್ಲಿಂದಾಚೆ ಹಾಡು ಇನ್ನೂ ಐದು ನಿಮಿಷ ಓಡಿದರೂ ಲೆಕ್ಕಕ್ಕೆ ಏನೂ ಸೇರುವುದಿಲ್ಲ. ನಮ್ಮ ಹಾಡೊಂದು ಐದೂವರೆ ನಿಮಿಷದ್ದು. ಮೊದಲ ಮುಕ್ಕಾಲು ನಿಮಿಷ ಬರೀ ಏಕತಾರಿ, ಹಿಂದೆ ಸಣ್ಣಗೆ ಆಲಾಪ. ಮಾತು ಶುರುವಾಗುವ ಹೊತ್ತಿಗೆ ಆ್ಯಪ್ ತನ್ನ ಲೆಕ್ಕ ಮುಗಿಸಿರುತ್ತದೆ. ಈಗಿನ ಹುಡುಗರು ನನ್ನ ಹತ್ತಿರ ಬಂದು "ಸರ್, ಪಲ್ಲವಿ ಹತ್ತು ಸೆಕೆಂಡ್ ಒಳಗೆ ಬರಬೇಕು" ಅಂತ ಕೇಳುವುದು ಸುಮ್ನೆ ಅಲ್ಲ.

ಒಂದು ಸ್ಟ್ರೀಮಿಗೆ ಇಷ್ಟು ಪೈಸೆ ಅಂತ ಕಟ್ಟಿಟ್ಟ ದರವೂ ಇಲ್ಲ. ಚಂದಾ ಮತ್ತು ಜಾಹೀರಾತಿನ ಹಣದಲ್ಲಿ ಒಂದು ಪಾಲು ರಾಯಲ್ಟಿಗೆ ಅಂತ ಒಟ್ಟಾಗುತ್ತದೆ. ಆ ತಿಂಗಳು ಆದ ಒಟ್ಟು ಸ್ಟ್ರೀಮ್‌ಗಳಲ್ಲಿ ನಿಮ್ಮ ಹಾಡಿನ ಪಾಲೆಷ್ಟೋ, ಆ ಹಣದಲ್ಲಿ ನಿಮ್ಮ ಪಾಲೂ ಅಷ್ಟೇ. ಲೆಕ್ಕಕ್ಕೆ ಸುಲಭವಾಗಲಿ ಅಂತ, ಒಂದು ತಿಂಗಳಲ್ಲಿ 1 ಲಕ್ಷ ರೂಪಾಯಿ ಒಟ್ಟಾಯಿತು, 10 ಲಕ್ಷ ಸ್ಟ್ರೀಮ್ ಆಯಿತು ಅಂದುಕೊಳ್ಳೋಣ. ಸ್ಟ್ರೀಮಿಗೆ 10 ಪೈಸೆ. ನನ್ನ ಹಾಡನ್ನು 5,000 ಸಲ ಕೇಳಿದ್ದರೆ ನನಗೆ 500 ರೂಪಾಯಿ. ಈಗ ಯಾರೋ 1 ಲಕ್ಷ ನಕಲಿ ಸ್ಟ್ರೀಮ್ ತುರುಕಿದರು ಅನ್ನಿ. ಹಣ ಅಷ್ಟೇ ಇದೆ, ಸ್ಟ್ರೀಮ್ ಮಾತ್ರ 11 ಲಕ್ಷ ಆಯಿತು. ನನ್ನ 500 ರೂಪಾಯಿ 455ಕ್ಕೆ ಇಳಿಯಿತು. ನಕಲಿ ಮಾಡಿದವನಿಗೆ ಹೋದ ಹಣ ಆ್ಯಪ್‌ನ ಜೇಬಿನದ್ದಲ್ಲ, ನಮ್ಮೆಲ್ಲರದ್ದು. ಹಾಗಾಗಿ ಕಳ್ಳ ಸ್ಟ್ರೀಮ್‌ಗಳನ್ನು ಹಿಡಿಯಬೇಡಿ ಅಂತ ನಾನು ಹೇಳುತ್ತಿಲ್ಲ. ಹಿಡಿಯಲೇಬೇಕು.

30 ಸೆಕೆಂಡಿನ ಗೆರೆ ಇರುವುದರಿಂದ ಕಳ್ಳತನ ಎಷ್ಟು ಸಲೀಸು ಅನ್ನುವುದನ್ನೂ ನೋಡಿ. ಒಂದು ಖಾತೆ ದಿನವಿಡೀ ಓಡಿದರೆ, ನಾಲ್ಕು ನಿಮಿಷದ ಹಾಡುಗಳನ್ನು ಪೂರ್ತಿ ಕೇಳಿದಾಗ ಆಗುವುದು 360 ಸ್ಟ್ರೀಮ್. ಅದೇ ಖಾತೆ 31 ಸೆಕೆಂಡಿಗೊಮ್ಮೆ ಹಾಡು ಬದಲಿಸಿದರೆ 2,787. ಇದನ್ನು ತಮಾಷೆಯಾಗಿ ತೋರಿಸಿಕೊಟ್ಟವರೂ ಇದ್ದಾರೆ. 2014ರಲ್ಲಿ ಅಮೆರಿಕದ ವುಲ್ಫ್‌ಪೆಕ್ ತಂಡ 30 ಸೆಕೆಂಡಿಗಿಂತ ಚೂರೇ ಉದ್ದದ ಹತ್ತು ಟ್ರ್ಯಾಕ್‌ಗಳ ಆಲ್ಬಮ್ ಬಿಟ್ಟಿತು. ಒಳಗೆ ಸದ್ದೇ ಇಲ್ಲ, ಪೂರ್ತಿ ಮೌನ. ರಾತ್ರಿ ಮಲಗುವಾಗ ಹಾಕಿಕೊಂಡು ಮಲಗಿ ಅಂತ ಅಭಿಮಾನಿಗಳಿಗೆ ಹೇಳಿದರು. ಸುಮಾರು 20 ಸಾವಿರ ಡಾಲರ್ ಬಂತು. ಆಮೇಲೆ ಸ್ಪಾಟಿಫೈ ಆ ಆಲ್ಬಮ್ ತೆಗೆದುಹಾಕಿತು.

ಈಗ ಅಂಥ ತಮಾಷೆಗೆ ಜಾಗವಿಲ್ಲ. 2023ರ ನವೆಂಬರ್‌ನಲ್ಲಿ ಸ್ಪಾಟಿಫೈ ಹೊಸ ನಿಯಮ ಹೇಳಿತು, 2024ರಿಂದ ಜಾರಿಗೆ ತಂದಿತು. ಹಿಂದಿನ 12 ತಿಂಗಳಲ್ಲಿ 1,000 ಸ್ಟ್ರೀಮ್ ಆಗದ ಟ್ರ್ಯಾಕ್‌ಗೆ ರೆಕಾರ್ಡಿಂಗ್ ರಾಯಲ್ಟಿ ಇಲ್ಲ. ಮಳೆ ಸದ್ದು, ಫ್ಯಾನ್ ಸದ್ದಿನಂಥ ಟ್ರ್ಯಾಕ್‌ಗಳು ಕನಿಷ್ಠ ಎರಡು ನಿಮಿಷ ಇರಬೇಕು. ಮೂರನೆಯದೇ ಈ ಪತ್ರಕ್ಕೆ ಕಾರಣ. ಒಂದು ಟ್ರ್ಯಾಕ್‌ನ ಸ್ಟ್ರೀಮ್‌ಗಳು ಬಹುಪಾಲು ಕೃತಕ ಅಂತ ಕಂಡುಬಂದರೆ, ಅದನ್ನು ಕಳಿಸಿದ ಲೇಬಲ್ ಅಥವಾ ಡಿಸ್ಟ್ರಿಬ್ಯೂಟರ್ ದಂಡ ಕಟ್ಟಬೇಕು. ಟ್ರ್ಯಾಕ್ ಒಂದಕ್ಕೆ ತಿಂಗಳಿಗೆ 10 ಯೂರೋ, ಅಂದರೆ ಹೆಚ್ಚುಕಮ್ಮಿ 1,000 ರೂಪಾಯಿ. ಬಹುಪಾಲು ಅಂದರೆ ಶೇ 90ಕ್ಕಿಂತ ಜಾಸ್ತಿ ಅಂತ ನಿಮ್ಮಲ್ಲಿ ಹಲವರ ಸಹಾಯ ಪುಟದಲ್ಲೇ ಬರೆದಿದೆ. ನಕಲಿ ಸ್ಟ್ರೀಮ್‌ಗೆ ರಾಯಲ್ಟಿ ಸಿಗುವುದಿಲ್ಲ ಅನ್ನುವುದು ಹೇಗೂ ಇದೆ. ದಂಡ ಅದರ ಮೇಲಿಂದ.

ಗಮನಿಸಿ, ವೇದಿಕೆ ದಂಡ ಹಾಕುವುದು ನಿಮಗೆ. ಲಕ್ಷಗಟ್ಟಲೆ ಹಾಡುಗಳನ್ನು ಕಣ್ಣುಮುಚ್ಚಿ ಒಳಗೆ ಬಿಡುವವರು ಸ್ವಲ್ಪ ಹುಷಾರಾಗಿರಲಿ ಅನ್ನುವುದು ಅದರ ಉದ್ದೇಶ. ನೀವೇನು ಮಾಡಿದಿರಿ? ಬಂದ ಬಿಲ್ಲನ್ನು ಹಾಗೇ ಕಲಾವಿದರ ಕಡೆ ತಿರುಗಿಸಿದಿರಿ.

ನಮ್ಮ ವಿಷಯದಲ್ಲಿ ಆಗಿದ್ದು ಹೀಗೆ. ನಮ್ಮ ಆ ಏಕತಾರಿ ಹಾಡು ದಿನಕ್ಕೆ ಸುಮಾರು 40 ಸಲ ಓಡುತ್ತಿತ್ತು. ಕೇಳುವವರು ಹುಬ್ಬಳ್ಳಿ, ಬೆಂಗಳೂರು, ಬೆಳಗಾವಿ, ಪುಣೆಯವರು. ಒಂದು ದಿನ ಬೆಳಗ್ಗೆ ಡ್ಯಾಶ್‌ಬೋರ್ಡ್ ತೆಗೆದರೆ 3,000. ಮೊದಲು ಖುಷಿಯಾಯಿತು, ಯಾರೋ ರೀಲ್ಸ್‌ಗೆ ಹಾಕಿಕೊಂಡಿರಬೇಕು ಅಂದುಕೊಂಡೆವು. ಆಮೇಲೆ ಪಕ್ಕದ ಕಾಲಂ ನೋಡಿದೆ. ಕೇಳುಗರ ಸಂಖ್ಯೆ 70ರ ಆಸುಪಾಸು. ಅಂದರೆ ಒಬ್ಬೊಬ್ಬರು ಒಂದೇ ದಿನದಲ್ಲಿ ನಲವತ್ತಕ್ಕಿಂತ ಜಾಸ್ತಿ ಸಲ ಕೇಳಿದ್ದಾರೆ! ಆ ಹಾಡನ್ನು ಮಾಡಿದ ನಾನೇ ಅಷ್ಟು ಸಲ ಕೇಳಿಲ್ಲ. ಹೆಚ್ಚಿನವರೆಲ್ಲ ಹೊರದೇಶದ ಒಂದೇ ನಗರದವರು. ಅಷ್ಟು ಜನರಲ್ಲಿ ಒಬ್ಬರೂ ಹಾಡನ್ನು ಸೇವ್ ಮಾಡಿಲ್ಲ, ಹಾಡಿದವರ ಪುಟವನ್ನು ಫಾಲೋ ಮಾಡಿಲ್ಲ. ಸ್ಟ್ರೀಮ್ ಬಂದ ದಾರಿಯೂ ಒಂದೇ, ಯಾರೋ ಅಪರಿಚಿತರ ಪ್ಲೇಲಿಸ್ಟ್. ಅದನ್ನು ತೆಗೆದು ನೋಡಿದರೆ ಹೆಸರು ಇಂಗ್ಲಿಷಿನದು, ಒಳಗೆ ಇನ್ನೂರರಷ್ಟು ಹಾಡು. ಒಂದು ಬ್ರೆಜಿಲ್ ಬೀಟ್, ಆಮೇಲೆ ನಮ್ಮ ತತ್ವಪದ, ಆಮೇಲೆ ನಿದ್ದೆಗೆ ಅಂತ ಮಾಡಿದ ಗುಂಯ್ ಸದ್ದು. ಮನುಷ್ಯರು ಈ ಕ್ರಮದಲ್ಲಿ ಹಾಡು ಕೇಳುತ್ತಾರಾ?

ಮರುದಿನ ಇನ್‌ಸ್ಟಾಗ್ರಾಮ್‌ನಲ್ಲಿ ಒಂದು ಮೆಸೇಜ್ ಬಂತು. "ನಿಮ್ಮ ಹಾಡು ನಮ್ಮ ಪ್ಲೇಲಿಸ್ಟ್‌ನಲ್ಲಿ ಚೆನ್ನಾಗಿ ಓಡುತ್ತಿದೆ, ಮುಂದುವರಿಸಬೇಕಾದರೆ ಇಷ್ಟು ಡಾಲರ್ ಕಳಿಸಿ." ಇದು ಈ ದಂಧೆಯವರ ಹಳೇ ಕಸುಬು. ಮೊದಲು ಪುಕ್ಕಟೆ ರುಚಿ ತೋರಿಸುವುದು, ಆಮೇಲೆ ದುಡ್ಡು ಕೇಳುವುದು. ಕೆಲವರು ಏನೂ ಕೇಳುವುದಿಲ್ಲ, ದುಡ್ಡು ಕೊಟ್ಟ ಗಿರಾಕಿಗಳ ಹಾಡಿನ ಮಧ್ಯೆ ಸಂಬಂಧವಿಲ್ಲದವರ ಹಾಡುಗಳನ್ನೂ ಸೇರಿಸುತ್ತಾರೆ. ಹಾಗೆ ಮಾಡಿದರೆ ಪ್ಲೇಲಿಸ್ಟ್ ನಿಜವಾದದ್ದು ಅನ್ನಿಸುತ್ತದೆ, ತಾವಾಗಿಯೇ ಹಾಡು ಓಡಿಸುವ ಬಾಟ್ ಪ್ರೋಗ್ರಾಂಗಳೂ ಮನುಷ್ಯರಂತೆ ಕಾಣುತ್ತವೆ.

ನಾವು ದುಡ್ಡು ಕಳಿಸಲಿಲ್ಲ. ಅವತ್ತೇ ಡ್ಯಾಶ್‌ಬೋರ್ಡ್‌ನ ಸ್ಕ್ರೀನ್‌ಶಾಟ್, ಆ ಮೆಸೇಜ್, ಪ್ಲೇಲಿಸ್ಟ್ ಲಿಂಕ್ ಮೂರನ್ನೂ ನಮ್ಮ ಡಿಸ್ಟ್ರಿಬ್ಯೂಟರ್‌ಗೆ ಕಳಿಸಿ, ಇದು ನಮ್ಮ ಕೆಲಸ ಅಲ್ಲ, ದಯವಿಟ್ಟು ವೇದಿಕೆಗೆ ತಿಳಿಸಿ ಅಂತ ಬರೆದೆವು. ನಿಮ್ಮ ದೂರು ತಲುಪಿದೆ ಅಂತ ಯಂತ್ರದ ಉತ್ತರ ಬಂತು. ಬೇರೊಬ್ಬರ ಪ್ಲೇಲಿಸ್ಟ್‌ನಿಂದ ನಮ್ಮ ಹಾಡನ್ನು ತೆಗೆಯುವ ಬಟನ್ ನಮ್ಮ ಕೈಯಲ್ಲಿ ಇರಲಿಲ್ಲ. ನಾಲ್ಕು ದಿನ ಹಾಗೇ ಓಡಿತು, ಆಮೇಲೆ ತಾನಾಗಿಯೇ ನಿಂತಿತು. ತಿಂಗಳುಗಳ ನಂತರ ಇನ್ನೊಂದು ಮೇಲ್ ಬಂತು. ಹಾಡು ತೆಗೆದುಹಾಕಲಾಗಿದೆ, ದಂಡವನ್ನು ನಿಮ್ಮ ಬಾಕಿಯಿಂದ ಕಡಿತ ಮಾಡಲಾಗಿದೆ, ಈ ತೀರ್ಮಾನ ಅಂತಿಮ. ದಂಡ ನಮ್ಮ ಬಾಕಿಗಿಂತ ಜಾಸ್ತಿ ಇದ್ದದ್ದರಿಂದ ಖಾತೆ ಮೈನಸ್ ತೋರಿಸುತ್ತಿತ್ತು. ಅದೇ ಖಾತೆಯಲ್ಲಿರುವ ಬೇರೆ ಮೂರು ತಂಡಗಳ ಹಣವೂ ಅಲ್ಲೇ ನಿಂತಿತು. ಹಾಡಿದ ಕಾಕಾಗೆ ವಿಷಯ ತಿಳಿಸಿದಾಗ ಅವರು ಕೇಳಿದ್ದು ಒಂದೇ ಮಾತು: "ಅಲ್ಲೋ ತಮ್ಮಾ, ಯಾರೋ ನಮ್ಮ ಹಾಡ ಹಾಕ್ಕೊಂಡ್ರ ನಮಗ್ಯಾಕ ದಂಡ?"

ಇದಕ್ಕೆ ಉತ್ತರ ಹುಡುಕುತ್ತಾ ನಾನು ಶೇ 90ರ ಆ ಗೆರೆಯನ್ನು ನಮ್ಮ ಹಾಡಿಗೆ ಹಚ್ಚಿ ನೋಡಿದೆ. ತಿಂಗಳಿಗೆ ನಮ್ಮ ನಿಜವಾದ ಸ್ಟ್ರೀಮ್ ಸುಮಾರು 1,200. ನಕಲಿ ಬಂದದ್ದು ನಾಲ್ಕು ದಿನ, ಒಟ್ಟು 12,000. ಎರಡೂ ಸೇರಿ 13,200. ಅದರಲ್ಲಿ ನಕಲಿ ಶೇ 90.9. ಗೆರೆ ದಾಟಿತು. ಈಗ ಇದೇ ಪ್ಲೇಲಿಸ್ಟ್‌ನಲ್ಲಿ ಒಂದು ಹಿಟ್ ಸಿನಿಮಾ ಹಾಡೂ ಇದ್ದಿದ್ದರೆ, ಅದು ತಿಂಗಳಿಗೆ 15 ಲಕ್ಷ ಸಲ ಓಡುವ ಹಾಡಾಗಿದ್ದರೆ? ಅದೇ 12,000 ನಕಲಿ ಸ್ಟ್ರೀಮ್ ಅದರ ಮೇಲೆ ಬಿದ್ದರೂ ಶೇ 1 ಕೂಡ ಆಗುವುದಿಲ್ಲ. ಅದೇ ಬಾಟ್, ಅದೇ ನಾಲ್ಕು ದಿನ. ದೊಡ್ಡ ಹಾಡಿಗೆ ಗೊತ್ತೂ ಆಗುವುದಿಲ್ಲ, ಸಣ್ಣ ಹಾಡಿಗೆ ದಂಡ. ನಮ್ಮ ಹಾಡನ್ನು ಆ ತಿಂಗಳು ಇನ್ನೊಂದು 150 ಸಲ ನಿಜವಾದ ಜನ ಕೇಳಿದ್ದರೆ ಲೆಕ್ಕ ಶೇ 89.9ಕ್ಕೆ ನಿಲ್ಲುತ್ತಿತ್ತು. ಅಂದರೆ ಈ ಅಳತೆ ಮೋಸ ಎಷ್ಟು ದೊಡ್ಡದು ಅಂತ ನೋಡುತ್ತಿಲ್ಲ. ನಿಮಗೆ ಎಷ್ಟು ಕಡಿಮೆ ಕೇಳುಗರಿದ್ದಾರೆ ಅಂತ ನೋಡುತ್ತಿದೆ.

ನಿಜವಾದ ದೊಡ್ಡ ಕಳ್ಳರಿಗೂ ಈ ಅಳತೆ ಚೆನ್ನಾಗಿ ಗೊತ್ತು. 2024ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನ ಫೆಡರಲ್ ಪ್ರಾಸಿಕ್ಯೂಟರ್‌ಗಳು ನಾರ್ತ್ ಕೆರೊಲಿನಾದ ಮೈಕೆಲ್ ಸ್ಮಿತ್ ಅನ್ನುವವರ ಮೇಲೆ ಹಾಕಿದ ಕೇಸನ್ನು ನೀವೆಲ್ಲ ಓದಿರುತ್ತೀರಿ. ಆರೋಪಪಟ್ಟಿಯಲ್ಲಿ ಒಂದು ಲೆಕ್ಕವಿದೆ. 1,040 ಖಾತೆಗಳು, ಒಂದೊಂದರಿಂದ ದಿನಕ್ಕೆ ಸುಮಾರು 636 ಹಾಡು, ಒಟ್ಟು ದಿನಕ್ಕೆ 6,61,440 ಸ್ಟ್ರೀಮ್. ವರ್ಷಗಳ ಕಾಲ ನಡೆದ ಈ ವ್ಯವಹಾರದಲ್ಲಿ ಒಟ್ಟು 1 ಕೋಟಿ ಡಾಲರ್‌ಗೂ ಜಾಸ್ತಿ ರಾಯಲ್ಟಿ ಎತ್ತಿದ ಆರೋಪ. 636 ಅನ್ನುವ ಸಂಖ್ಯೆಯನ್ನು ಸ್ವಲ್ಪ ನೋಡಿ. ದಿನಕ್ಕೆ 636 ಅಂದರೆ ಹಾಡಿಗೆ ಎರಡು ನಿಮಿಷದ ಮೇಲೆ. 31 ಸೆಕೆಂಡಿಗೆ ಹಾರುವ ಆತುರ ಅಲ್ಲಿಲ್ಲ, ಯಾಕೆಂದರೆ ಹಾಗೆ ಹಾರಿದರೆ ಸಿಕ್ಕಿಬೀಳುತ್ತಾರೆ. ಆ ಸ್ಟ್ರೀಮ್‌ಗಳನ್ನು ಒಂದೆರಡು ಹಾಡಿನ ಮೇಲೆ ಸುರಿದಿರಲಿಲ್ಲ. ಎಐನಿಂದ ಮಾಡಿಸಿದ ಲಕ್ಷಗಟ್ಟಲೆ ಹಾಡುಗಳಿಗೆ ತೆಳ್ಳಗೆ ಹಂಚಲಾಗಿತ್ತು, ಯಾವ ಒಂದು ಹಾಡೂ ಎದ್ದು ಕಾಣದಂತೆ. ಟ್ರ್ಯಾಕ್ ಲೆಕ್ಕದ ದಂಡ ಬಂದರೆ ಅಷ್ಟೊಂದು ಹಾಡು ಇಟ್ಟುಕೊಂಡವರಿಗೆ ಕಷ್ಟ, ಅದು ಸರಿ. ಆದರೆ ಜೀವನದಲ್ಲಿ ಐದಾರು ಹಾಡು ಬಿಟ್ಟವರ ಮೇಲೆ, ನಾಲ್ಕು ದಿನದ ಒಂದು ಏರಿಕೆ ನೋಡಿ ಅದೇ ಕೋಲು ಬೀಸಿದರೆ?

ಹಾಗಾದರೆ ನಮ್ಮಂಥವರನ್ನೂ ಅವರನ್ನೂ ಬೇರೆ ಮಾಡುವುದು ಹೇಗೆ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಡ್ಯಾಶ್‌ಬೋರ್ಡ್ ನೋಡಿ ನಾನು ಹತ್ತು ನಿಮಿಷದಲ್ಲಿ ಗುರುತಿಸಿದ್ದನ್ನು ನೀವು ಇನ್ನೂ ಚೆನ್ನಾಗಿ ಗುರುತಿಸಬಲ್ಲಿರಿ, ನಿಮ್ಮ ಹತ್ತಿರ ಎಲ್ಲ ಖಾತೆಗಳ ಲೆಕ್ಕ ಇದೆ. ದುಡ್ಡು ಕೊಟ್ಟು ಸ್ಟ್ರೀಮ್ ಕೊಂಡವರ ಖಾತೆಯಲ್ಲಿ ಸಾಮಾನ್ಯವಾಗಿ ಒಂದು ಮಾದರಿ ಕಾಣುತ್ತದೆ. ಹೊಸ ಹಾಡು ಬಂದಾಗಲೆಲ್ಲ ಅದೇ ಥರದ ಏರಿಕೆ, ಹಲವು ಟ್ರ್ಯಾಕ್‌ಗಳ ಮೇಲೆ, ಹಲವು ತಿಂಗಳು. ನಮ್ಮಲ್ಲಿ ಒಂದು ಹಾಡು, ಒಂದು ಪ್ಲೇಲಿಸ್ಟ್, ಒಂದೇ ಸಲ. ಅದಕ್ಕೂ ಮೊದಲು, ಆ ಏರಿಕೆ ನಡೆಯುತ್ತಿರುವಾಗಲೇ ಮಾಲೀಕರು ದೂರು ಕೊಟ್ಟಿದ್ದಾರಾ ಅಂತ ನೋಡಿದರೆ ಸಾಕಲ್ವಾ? ಸ್ಟ್ರೀಮ್ ಕೊಂಡವನು ಓಡುತ್ತಿರುವಾಗಲೇ ನಿಮಗೆ ಬರೆದು ನಿಲ್ಲಿಸಿ ಅಂತ ಕೇಳುವುದು ಅಪರೂಪ.

ಆದ್ದರಿಂದ ನಮ್ಮ ಮನವಿ ಇಷ್ಟು. ದಂಡ ಮುರಿದುಕೊಳ್ಳುವ ಮೊದಲು ಕಲಾವಿದರಿಗೆ ಲೆಕ್ಕ ಕಳಿಸಿ. ಯಾವ ತಾರೀಖಿಗೆ, ಯಾವ ದೇಶದಿಂದ, ಯಾವ ಪ್ಲೇಲಿಸ್ಟ್ ಮೂಲಕ ಬಂದ ಎಷ್ಟು ಸ್ಟ್ರೀಮ್ ಕೃತಕ ಅಂತ ತೀರ್ಮಾನವಾಯಿತು ಅಂತ ಅದರಲ್ಲಿ ಇರಲಿ. ಬಾಟ್ ಹಿಡಿಯುವ ಗುಟ್ಟನ್ನು ಬಿಟ್ಟುಕೊಡಿ ಅಂತ ನಾವು ಕೇಳುತ್ತಿಲ್ಲ. ಅದನ್ನು ಹೇಳಿದರೆ ಕಳ್ಳರಿಗೇ ಲಾಭ, ನಮಗೂ ಗೊತ್ತು. ಆದರೆ ಎಷ್ಟು, ಯಾವಾಗ, ಎಲ್ಲಿಂದ ಅನ್ನುವುದು ಗುಟ್ಟಲ್ಲ. ಬ್ಯಾಂಕಿನವರು ನೂರು ರೂಪಾಯಿ ಮುರಿದುಕೊಂಡರೂ ಪಾಸ್‌ಬುಕ್ಕಿನಲ್ಲಿ ಒಂದು ಸಾಲು ಬರೆಯುತ್ತಾರೆ.

ಉತ್ತರ ಕೊಡಲು ಕಲಾವಿದರಿಗೆ ಒಂದಿಷ್ಟು ದಿನ ಕೊಡಿ. ಆ ಉತ್ತರವನ್ನು ಒಬ್ಬ ಮನುಷ್ಯ ಓದಲಿ. ಏರಿಕೆಯ ಸಮಯದಲ್ಲೇ ದೂರು ಕೊಟ್ಟವರಿಗೆ, ಮೊದಲ ಸಲ ಹೀಗಾದವರಿಗೆ ದಂಡವನ್ನು ದಾಟಿಸಬೇಡಿ. ನಕಲಿ ಸ್ಟ್ರೀಮ್‌ಗೆ ರಾಯಲ್ಟಿ ಬೇಡ, ಅದನ್ನು ಪೂರ್ತಿ ತೆಗೆಯಿರಿ, ನಮ್ಮ ತಕರಾರಿಲ್ಲ. ನಿಜವಾದ 1,200 ಸ್ಟ್ರೀಮ್‌ನ ಹಣ ಮಾತ್ರ ನಮ್ಮದೇ. ಅದನ್ನು ತಡೆಹಿಡಿಯಬೇಡಿ. ಒಂದು ಹಾಡಿನ ತಕರಾರಿಗೆ ಅದೇ ಖಾತೆಯ ಬೇರೆಯವರ ಹಾಡುಗಳ ಹಣವನ್ನೂ ನಿಲ್ಲಿಸಬೇಡಿ. ನನ್ನಂಥ ಸಣ್ಣ ಸ್ಟುಡಿಯೋದವರು ನಾಲ್ಕಾರು ತಂಡಗಳನ್ನು ಒಂದೇ ಖಾತೆಯಲ್ಲಿ ನೋಡಿಕೊಳ್ಳುತ್ತೇವೆ ಅಂತ ನಿಮಗೆ ಗೊತ್ತೇ ಇದೆ.

ಹಾಡು ತೆಗೆದುಹಾಕುವ ವಿಷಯದಲ್ಲೂ ಒಂದು ಮಾತು. ಬೇಕಾದರೆ ಮತ್ತೆ ಹೊಸದಾಗಿ ಅಪ್‌ಲೋಡ್ ಮಾಡಿಕೊಳ್ಳಿ ಅಂತ ನಮಗೆ ಹೇಳಿದರು. ಕೇಳಲು ಸುಲಭ. ಒಂದೊಂದು ರೆಕಾರ್ಡಿಂಗ್‌ಗೂ ಐಎಸ್‌ಆರ್‌ಸಿ ಅಂತ ಒಂದು ಗುರುತಿನ ಸಂಖ್ಯೆ ಇರುತ್ತದೆ. ಹೊಸ ಐಎಸ್‌ಆರ್‌ಸಿ ಸಂಖ್ಯೆಯಲ್ಲಿ ಹಾಕಿದರೆ ಆ್ಯಪ್‌ಗೆ ಅದು ಹೊಸ ಹಾಡು. ಹಳೆಯ ಸ್ಟ್ರೀಮ್ ಲೆಕ್ಕ ಸೇರುವುದಿಲ್ಲ, ಜನ ಸೇವ್ ಮಾಡಿಟ್ಟುಕೊಂಡಿದ್ದ ಕಡೆ ಹಾಡು ಬೂದು ಬಣ್ಣಕ್ಕೆ ತಿರುಗಿ ಓಡುವುದಿಲ್ಲ. 1,000 ಸ್ಟ್ರೀಮ್‌ನ ಗೆರೆಗೂ ಮತ್ತೆ ಸೊನ್ನೆಯಿಂದ ಹತ್ತಬೇಕು. ಹಾಗಾಗಿ ತಕರಾರು ಬಗೆಹರಿದ ಮೇಲೆ ಹಾಡನ್ನು ಅದೇ ಐಎಸ್‌ಆರ್‌ಸಿ, ಅದೇ ಆಡಿಯೋ, ಅದೇ ವಿವರಗಳೊಂದಿಗೆ ನೀವೇ ವಾಪಸ್ ಏರಿಸಿ.

ಕೊನೆಯದು ವೇದಿಕೆಗಳಿಗೆ ನೀವು ಮುಟ್ಟಿಸಬೇಕಾದ ಮಾತು. ನಮ್ಮ ಮೇಲ್‌ಗೆ ಅವರು ಉತ್ತರ ಕೊಡುವುದಿಲ್ಲ, ನಿಮ್ಮದಕ್ಕೆ ಕೊಡುತ್ತಾರೆ. ಶೇಕಡಾ ಲೆಕ್ಕ ಒಂದನ್ನೇ ಇಟ್ಟುಕೊಂಡು ಸಣ್ಣ ಹಾಡುಗಳನ್ನು ಅಳೆಯಬೇಡಿ ಅಂತ ಹೇಳಿ. ಅನುಮಾನದ ಪ್ಲೇಲಿಸ್ಟ್‌ನಿಂದ ನಮ್ಮ ಹಾಡನ್ನು ನಾವೇ ಹೊರಗೆ ತೆಗೆದುಕೊಳ್ಳಲು ಒಂದು ದಾರಿ ಕೊಡಿ ಅಂತ ಕೇಳಿ. ಹಾಡು ಹಾಕಿಕೊಂಡವರು ಯಾರು ಅಂತ ಅವರಿಗೆ ಗೊತ್ತಿದೆ, ಪ್ಲೇಲಿಸ್ಟ್ ಮಾಡಿದ ಖಾತೆ ಅವರಲ್ಲೇ ಇದೆ.

ನಮ್ಮ ದೂರಿನ ಟಿಕೆಟ್ ಇನ್ನೂ ತೆರೆದೇ ಇದೆ, ಹಾಡು ಇನ್ನೂ ವಾಪಸ್ ಬಂದಿಲ್ಲ. ಇದೇ ಥರ ಆದ ಬೇರೆ ಕಲಾವಿದರು ತಮ್ಮ ಡ್ಯಾಶ್‌ಬೋರ್ಡ್‌ನ ದಿನವಾರು ಲೆಕ್ಕವನ್ನು ಈಗಲೇ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಲಿ, ಹಾಡು ತೆಗೆದ ಮೇಲೆ ನಮಗೆ ಅದು ಸಿಗಲಿಲ್ಲ. ನಿಮ್ಮ ಉತ್ತರಕ್ಕಾಗಿ ಕಾಯುತ್ತಿದ್ದೇವೆ. ನಮ್ಮ ಖಾತೆಯಲ್ಲಿರುವ ನಾಲ್ಕೂ ತಂಡಗಳವರು ಈ ಪತ್ರ ಓದಿ ಒಪ್ಪಿದ್ದಾರೆ.

ಇಂತಿ,
ಧಾರವಾಡದ ಒಬ್ಬ ರೆಕಾರ್ಡಿಸ್ಟ್
ಮತ್ತು ನಾಲ್ಕು ತಂಡಗಳ ಕಲಾವಿದರು